ಆಡಿಟ್ ವರದಿಯ ‘ಒಳಪಟ್ಟು’ ಎಂಬ ಪದ: ಅನುಭವ ಇದ್ದವರು ಹೇಳಿ

ಠೇವಣಿದಾರರ ಮಗಳು: ಅಪ್ಪ ನಮ್ಮೂರಿನ ಪತ್ತಿನ ಸಹಕಾರ ಸಂಘದಲ್ಲಿ 6 ಲಕ್ಷ ಠೇವಣಿ ಇಟ್ಟಿದ್ದಾರೆ. ಈ ಸಲ ಮಹಾಸಭೆಯ ಪುಸ್ತಕದಲ್ಲಿ 14 ಲಕ್ಷ ಲಾಭ ಅಂತ ಇದೆ. ಆದರೆ ಆಡಿಟರ್ ವರದಿಯಲ್ಲಿ ‘ಟಿಪ್ಪಣಿ 4 ಮತ್ತು 7ಕ್ಕೆ ಒಳಪಟ್ಟು, ಲೆಕ್ಕಪತ್ರಗಳು ನೈಜ ಹಾಗೂ ನ್ಯಾಯಯುತ ಚಿತ್ರಣ ನೀಡುತ್ತವೆ’ ಎಂದಿದೆ. ಇದನ್ನು ನಂಬಬಹುದಾ?

ಪೇಟೆ ಬೀದಿ: ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ‘ಒಳಪಟ್ಟು’ ಅಂತ ಎಲ್ಲ ಆಡಿಟರೂ ಬರೆಯುತ್ತಾರೆ. ಸಂಘಕ್ಕೆ ‘ಎ’ ವರ್ಗ ಕೊಟ್ಟಿದ್ದಾರಾ ನೋಡಿ, ಸಾಕು. ನಾನು ಇಪ್ಪತ್ತು ವರ್ಷದಿಂದ ಅದೊಂದನ್ನೇ ನೋಡುತ್ತಿದ್ದೇನೆ.

ಹಳೇ ಲೆಕ್ಕಿಗ: ವರ್ಗ ನೋಡುವುದು ತಪ್ಪಲ್ಲ. ಆದರೆ ಅದು ಸಂಘದ ಒಟ್ಟು ಕೆಲಸಕ್ಕೆ ಕೊಡುವ ದರ್ಜೆ. ಈ ವರ್ಷದ ಲಾಭ ನಿಜವಾ ಅಂತ ಅದು ಹೇಳುವುದಿಲ್ಲ. ಅದನ್ನು ಹೇಳುವುದು ‘ಒಳಪಟ್ಟು’ ಎಂಬ ಆ ಒಂದು ಪದವೇ. ‘ಈ ಎರಡು ವಿಷಯ ಬಿಟ್ಟು ಉಳಿದದ್ದನ್ನು ಒಪ್ಪುತ್ತೇನೆ’ ಎಂದು ಆಡಿಟರ್ ಹೇಳಿದ್ದಾರೆ. ಹಾಗಾಗಿ ಆ ಎರಡು ಎಷ್ಟು ದೊಡ್ಡವು ಎಂದು ನೋಡಬೇಕು. ಟಿಪ್ಪಣಿ 4, 7 ಹಾಗೇ ಬರೆದು ಹಾಕಿ. ಕಾಯ್ದಿಟ್ಟ ನಿಧಿ ಎಷ್ಟಿದೆ ಅಂತಲೂ ಹೇಳಿ.

ಠೇವಣಿದಾರರ ಮಗಳು: ಕೊನೇ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರ, ಫೋನಿನಲ್ಲಿ ದೊಡ್ಡದು ಮಾಡಿ ಓದಿದೆ. 4: ‘ಸುಸ್ತಿ ಸಾಲಗಳ ಮೇಲೆ ವಸೂಲಾಗದ ಬಡ್ಡಿ 22 ಲಕ್ಷವನ್ನು ಈ ವರ್ಷದ ಆದಾಯಕ್ಕೆ ತೆಗೆದುಕೊಳ್ಳಲಾಗಿದೆ.’ 7: ‘ವಸೂಲಾಗದ ಸಾಲಗಳ ಅಸಲಿಗೆ 31 ಲಕ್ಷ ಪ್ರಾವಿಷನ್ ಕಡಿಮೆ ಮಾಡಲಾಗಿದೆ.’ ಕಾಯ್ದಿಟ್ಟ ನಿಧಿ 45 ಲಕ್ಷ.

ಹಳೇ ಲೆಕ್ಕಿಗ: ಈಗ ಒಂದು ಚೀಟಿಯಲ್ಲಿ ಕಳೆಯಿರಿ. ಲಾಭ 14. ಕೈಗೆ ಬಾರದ ಬಡ್ಡಿ 22 ತೆಗೆದರೆ 8 ಲಕ್ಷ ನಷ್ಟ. ಸಾಲ ಮುಳುಗಿದರೆ ಇರಲಿ ಅಂತ ಪ್ರಾವಿಷನ್ ಆಗಿ ಎತ್ತಿಡಬೇಕಾಗಿದ್ದ 31 ಸೇರಿಸಿದರೆ 39 ಲಕ್ಷ ನಷ್ಟ. ಅದನ್ನು ನಿಧಿಯಿಂದ ತುಂಬಿದರೆ 45ರಲ್ಲಿ ಉಳಿಯುವುದು 6. ಅದು ಮುಗಿದರೆ ಮುಂದೆ ಸದಸ್ಯರ ಷೇರು ಹಣ, ಆಮೇಲೆ ಠೇವಣಿ. ಟಿಪ್ಪಣಿ 7 ‘ಅಸಲಿಗೆ’ ಎಂದಿದೆಯಲ್ಲ, ಅದಕ್ಕೇ ಎರಡನ್ನೂ ಕಳೆದೆ. ಬಡ್ಡಿಯೂ ಸೇರಿದ್ದರೆ ಒಂದೇ ಹಣವನ್ನು ಎರಡು ಸಲ ಕಳೆದಂತಾಗುತ್ತಿತ್ತು.

ಎಲ್ಲ ಟಿಪ್ಪಣಿಗೂ ಹೆದರಬೇಕಿಲ್ಲ. ‘ಸದಸ್ಯರ ಗಮನಕ್ಕೆ ತರುತ್ತೇವೆ, ಇದರಿಂದ ನಮ್ಮ ಅಭಿಪ್ರಾಯ ಬದಲಾಗಿಲ್ಲ’ ಎಂದು ಬರೆದರೆ ಅದು ಬೇರೆ. ಕಟ್ಟಡದ ಮೇಲೆ ಕೋರ್ಟ್ ಕೇಸ್ ಇರುವಂಥ ವಿಷಯಕ್ಕೆ ಹಾಗೆ ಬರೆಯುತ್ತಾರೆ. ಅಲ್ಲಿ ಲೆಕ್ಕ ತಪ್ಪಿದೆ ಎಂದು ಅರ್ಥವಲ್ಲ.

ಮೂರನೇ ಮಹಡಿ: ನಮ್ಮ ಅಪಾರ್ಟ್‌ಮೆಂಟ್ ಸಂಘದ್ದೂ ಇದೇ ಕಥೆ. ಪೇಂಟಿಂಗ್, ಲಿಫ್ಟ್ ರಿಪೇರಿ ಅಂತ 9 ಲಕ್ಷ ನಗದು ಖರ್ಚು ತೋರಿಸಿದ್ದಾರೆ. ‘ವೋಚರ್ ಒದಗಿಸದ ಕಾರಣ ಪರಿಶೀಲಿಸಲು ಆಗಿಲ್ಲ’ ಎಂದು ಆಡಿಟರ್ ಬರೆದಿದ್ದಾರೆ. ನಾನೂ 9 ಲಕ್ಷ ಕಳೆದುಬಿಡಲಾ? ಮೇಂಟೆನೆನ್ಸ್ ಕಟ್ಟೋದು ನಿಲ್ಲಿಸಬಹುದಾ?

ಹಳೇ ಲೆಕ್ಕಿಗ: ನಿಮ್ಮದು ಬೇರೆ, ಸರ್. ಇವರ ಆಡಿಟರ್ ಲೆಕ್ಕ ನೋಡಿದ್ದಾರೆ, ತಪ್ಪು ಎಂದಿದ್ದಾರೆ, ಮೊತ್ತವನ್ನೂ ಕೊಟ್ಟಿದ್ದಾರೆ. ನಿಮ್ಮ ಆಡಿಟರ್‌ಗೆ ನೋಡಲು ಕಾಗದವೇ ಸಿಕ್ಕಿಲ್ಲ. 9 ಲಕ್ಷ ಪೂರ್ತಿ ಸರಿಯಿರಬಹುದು, ಪೂರ್ತಿ ಸುಳ್ಳೂ ಇರಬಹುದು. ಕಳೆಯಲು ಅಂಕಿಯೇ ಇಲ್ಲ. ನನ್ನ ಮಟ್ಟಿಗೆ ಇದೇ ಜಾಸ್ತಿ ಚಿಂತೆಯ ಮಾತು. ಮೇಂಟೆನೆನ್ಸ್ ನಿಲ್ಲಿಸಬೇಡಿ, ಸಭೆಯಲ್ಲಿ ಆ ವೋಚರ್ ಕೇಳಿ.

ಪೇಟೆ ಬೀದಿ: ಏನೇ ಆದರೂ 5 ಲಕ್ಷದವರೆಗೆ ವಿಮೆ ಇದೆಯಲ್ಲ?

ಹಳೇ ಲೆಕ್ಕಿಗ: ಅದು ಬ್ಯಾಂಕುಗಳಿಗೆ. ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಮೇಡಂ, ಹೋದ ವರ್ಷದ ಪುಸ್ತಕ ಸಿಕ್ಕರೆ ಇದೇ ಟಿಪ್ಪಣಿ ಹುಡುಕಿ. ಜೊತೆಗೆ ಅನುಪಾಲನಾ ವರದಿಯಲ್ಲಿ ಆಡಳಿತ ಮಂಡಳಿ ಏನು ಉತ್ತರ ಕೊಟ್ಟಿದೆ ನೋಡಿ.

ಠೇವಣಿದಾರರ ಮಗಳು: ಅಪ್ಪನ ಟ್ರಂಕಿನಲ್ಲಿ ಸಿಕ್ಕಿತು. ಅಲ್ಲೂ ಟಿಪ್ಪಣಿ 7 ಇದೆ, ಪದಕ್ಕೆ ಪದ ಅದೇ. ಆಗ 19 ಲಕ್ಷ ಇತ್ತು. ಉತ್ತರ: ‘ವಸೂಲಿಗೆ ಕ್ರಮ ಕೈಗೊಳ್ಳಲಾಗಿದೆ.’ ಈ ವರ್ಷದ ಉತ್ತರವೂ ಅದೇ ವಾಕ್ಯ.

ಸಂಘದ ಮಾಜಿ ನಿರ್ದೇಶಕಿ: ‘ಕ್ರಮ ಕೈಗೊಳ್ಳಲಾಗಿದೆ’ ಎಂಬುದನ್ನು ನಾವೂ ಬರೆಯುತ್ತಿದ್ದೆವು. ನಿಜಕ್ಕೂ ಕ್ರಮ ತೆಗೆದುಕೊಂಡ ವರ್ಷ ಎಷ್ಟು ಸಾಲಗಾರರ ಮೇಲೆ ದಾವಾ ಹಾಕಿದೆವು, ಎಷ್ಟು ಬಂತು ಎಂದು ಬರೆದೆವು. ಆದರೆ ಒಂದು ಮಾತು. ಟಿಪ್ಪಣಿ ಓದಿದವರೆಲ್ಲ ಒಂದೇ ವಾರ ಠೇವಣಿ ಕೇಳಿದರೆ ಬದುಕಬಹುದಾದ ಸಂಘವೂ ಬೀಳುತ್ತದೆ. ಮೊದಲು ಸಭೆಯಲ್ಲಿ ದೊಡ್ಡ ಸುಸ್ತಿದಾರರು ಯಾರು, ಅಡಮಾನ ಏನಿದೆ ಎಂದು ಕೇಳಲಿ.

ಹಳೇ ಲೆಕ್ಕಿಗ: ಕೇಳಲಿ, ಕೇಳಲೇಬೇಕು. ಆದರೆ 19 ಇದ್ದದ್ದು 31 ಆಗಿದೆ ಅಕ್ಕ, ನಿಧಿಯಲ್ಲಿ ಉಳಿಯೋದು 6. ನಮ್ಮಪ್ಪನ ಹಣ ಆಗಿದ್ದರೆ ಅವಧಿ ಮುಗಿದ ಬಾಂಡ್ ನಾನು ನವೀಕರಿಸುತ್ತಿರಲಿಲ್ಲ.

ಠೇವಣಿದಾರರ ಮಗಳು: ಒಂದು ಬಾಂಡ್ ನವೆಂಬರ್‌ಗೆ ಮುಗಿಯುತ್ತದೆ, ಇನ್ನೊಂದಕ್ಕೆ ಎರಡು ವರ್ಷ ಇದೆ. ಮಹಾಸಭೆ ಬರುವ ಭಾನುವಾರ. ಅಪ್ಪನ ಜೊತೆ ಎರಡೂ ವರ್ಷದ ಪುಸ್ತಕ ಹಿಡಿದು ಹೋಗುತ್ತೇನೆ.