ಒಂದೇ ಲೇಖನದಿಂದ ಹೊರಟು ಹಿಂದಕ್ಕೂ ಮುಂದಕ್ಕೂ: ಉಲ್ಲೇಖಗಳ ಜಾಡು ಹಿಡಿದವರ ಅನುಭವ

ಕೇಳಿದವರು: ನನ್ನ ಸಂಶೋಧನೆಗೆ ತಳಹದಿಯಾಗಬಲ್ಲ ಒಂದು ಲೇಖನ ಸಿಕ್ಕಿದೆ. ಅದರ ಆಕರ ಪಟ್ಟಿಯಲ್ಲಿ 52 ಲೇಖನಗಳಿವೆ, ಅದನ್ನು ಉಲ್ಲೇಖಿಸಿದವು 600ಕ್ಕೂ ಹೆಚ್ಚಿವೆ. ಯಾವುದರಿಂದ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು? ಅನುಭವವಿದ್ದವರು ತಿಳಿಸಿ.

ಸಂಶೋಧನಾ ವಿದ್ಯಾರ್ಥಿ: ಆಕರ ಪಟ್ಟಿಯನ್ನು ಪೂರ್ತಿ ಓದಿ; 52 ಹೆಚ್ಚೇನಲ್ಲ. ಉಲ್ಲೇಖಿಸಿದವುಗಳನ್ನು, ಅವಕ್ಕೆ ಎಷ್ಟು ಉಲ್ಲೇಖ ಬಂದಿದೆ ಎಂಬುದನ್ನು ನೋಡಿ ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ ಮೂವತ್ತನ್ನು ತೆಗೆದುಕೊಂಡರೆ ಸಾಕು. ನಾನು ಹಾಗೆಯೇ ಮಾಡಿದೆ, ಮಾರ್ಗದರ್ಶಕರು ಒಪ್ಪಿದರು.

ಗ್ರಂಥಪಾಲಕಿ: ಮೇಲಿನವರು ಹೇಳಿದ್ದರಲ್ಲಿ ಅರ್ಧ ಸರಿ. ಎಣಿಕೆಯ ಪ್ರಕಾರ ಜೋಡಿಸಿದರೆ ಹಳೆಯ ಲೇಖನಗಳೇ ಮೇಲೆ ನಿಲ್ಲುತ್ತವೆ, ಕಳೆದ ಎರಡು ವರ್ಷಗಳಲ್ಲಿ ಬಂದು ಮೂಲದ ತೀರ್ಮಾನವನ್ನೇ ಪ್ರಶ್ನಿಸಿದ ಲೇಖನ ತಳದಲ್ಲಿ ಉಳಿದುಬಿಡುತ್ತದೆ. ಎಣಿಕೆ ಹೆಚ್ಚಿದ್ದ ಮಾತ್ರಕ್ಕೆ ಆ ಲೇಖನ ಮೂಲವನ್ನು ಸರಿಯಾಗಿ ಬಳಸಿಕೊಂಡಿದೆ ಎಂದೂ ಆಗುವುದಿಲ್ಲ.

ಇದಕ್ಕೆ ನಾನು ಸದಾ ತೋರಿಸುವ ಉದಾಹರಣೆ, 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೋರ್ಟರ್ ಮತ್ತು ಜಿಕ್ ಬರೆದ ಐದು ವಾಕ್ಯಗಳ ಪತ್ರ. ಆಸ್ಪತ್ರೆಯಲ್ಲಿ ಒಳರೋಗಿಗಳಾಗಿದ್ದಾಗ ಮಾದಕ ನೋವುನಿವಾರಕ ಪಡೆದ 11,882 ಮಂದಿಯ ಪೈಕಿ, ಹಿಂದೆ ವ್ಯಸನವಿಲ್ಲದೆ ಹೊಸದಾಗಿ ವ್ಯಸನಕ್ಕೊಳಗಾದದ್ದು ದಾಖಲಾದವರು ನಾಲ್ವರು ಮಾತ್ರ ಎಂದು ಅದು ಹೇಳಿತ್ತು. ಆಕರಗಳತ್ತ ಹಿಂದಕ್ಕೆ ಹೋಗುವುದು ಇಲ್ಲಿ ಸುಲಭ, ಏಕೆಂದರೆ ಅದರ ಆಕರಗಳು ಬೆರಳೆಣಿಕೆಯಷ್ಟು. ಅವನ್ನು ತೆರೆದರೆ ಈ ಅಂಕಿಗಳು ಆಸ್ಪತ್ರೆಯೊಳಗಿನ ಔಷಧ ನಿಗಾ ಯೋಜನೆಯಿಂದ ಬಂದವು, ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಕುರಿತಾದವಲ್ಲ ಎಂಬುದು ತಿಳಿಯುತ್ತದೆ. ಉಲ್ಲೇಖಿಸಿದವುಗಳತ್ತ ಮುಂದಕ್ಕೆ ಹೋದಾಗಲೇ ನಿಜವಾದ ಕಥೆ ಕಾಣುವುದು. ಅದೇ ಪತ್ರಿಕೆ 2017ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆ, ಈ ಪತ್ರವನ್ನು ಉಲ್ಲೇಖಿಸಿದ 608 ಬರಹಗಳನ್ನು ಒಂದೊಂದಾಗಿ ಓದಿತು. ಅವುಗಳಲ್ಲಿ 439 ಬರಹಗಳು ವ್ಯಸನ ಅಪರೂಪ ಎಂಬುದಕ್ಕೆ ಇದನ್ನೇ ಪುರಾವೆಯಾಗಿ ಮುಂದಿಟ್ಟಿದ್ದವು, 491 ಬರಹಗಳು ಆ 11,882 ಮಂದಿ ಒಳರೋಗಿಗಳಾಗಿದ್ದರು ಎಂಬುದನ್ನೇ ಹೇಳಿರಲಿಲ್ಲ. ಎಣಿಕೆ ಮಾತ್ರ ನೋಡಿದವರಿಗೆ 608 ಎಂಬುದು ಬೆಂಬಲದಂತೆ ಕಾಣುತ್ತಿತ್ತು.

ಆದ್ದರಿಂದ ಉಲ್ಲೇಖಿಸಿದ ಲೇಖನವನ್ನು ಪೂರ್ತಿ ಓದುವ ಮೊದಲು, ಮೂಲ ಲೇಖನದ ಹೆಸರು ಬರುವ ವಾಕ್ಯವನ್ನು ಮಾತ್ರ ಹುಡುಕಿ ಓದಿ. ಪೀಠಿಕೆಯಲ್ಲಿ ನಾಲ್ಕೈದು ಹೆಸರುಗಳ ಸಾಲಿನಲ್ಲಿ ಸುಮ್ಮನೆ ಬಂದಿದ್ದರೆ ಬದಿಗಿಡಿ. ವಿಧಾನದಲ್ಲೋ ಚರ್ಚೆಯಲ್ಲೋ ಬಂದು, ಮೂಲವನ್ನು ಬಳಸಿಕೊಂಡಿದ್ದರೆ, ತಿದ್ದಿದ್ದರೆ ಅಥವಾ ನಿರಾಕರಿಸಿದ್ದರೆ ಎತ್ತಿಕೊಳ್ಳಿ. ಗೂಗಲ್ ಸ್ಕಾಲರ್‌ನಲ್ಲಿ `Cited by` ಒತ್ತಿದ ಮೇಲೆ `Search within citing articles` ಎಂಬ ಚೌಕ ಬರುತ್ತದೆ. ಅದನ್ನು ಗುರುತು ಮಾಡಿ ನಿಮ್ಮ ವಿಷಯದ ಪದವೊಂದನ್ನು ಹಾಕಿದರೆ 600 ಇದ್ದದ್ದು ಓದಲಾಗುವಷ್ಟಕ್ಕೆ ಇಳಿಯುತ್ತದೆ. ಅದೇ ಅರ್ಥಕ್ಕೆ ಆ ಕ್ಷೇತ್ರದವರು ಬಳಸುವ ಬೇರೆ ಪದಗಳನ್ನೂ ಹಾಕಿ ನೋಡಿ. ಒಂದೇ ಪದದಿಂದ ಹುಡುಕಿ ಬೇಕಾದದ್ದನ್ನು ಕಳೆದುಕೊಂಡವರನ್ನು ನಾನು ಬಹಳ ಕಂಡಿದ್ದೇನೆ.

ಅಧ್ಯಾಪಕರು: ನನ್ನ ಲೇಖನಕ್ಕೆ ಆರು ವರ್ಷಗಳಾದರೂ ಹನ್ನೊಂದೇ ಉಲ್ಲೇಖ. ಹೆಚ್ಚು ಉಲ್ಲೇಖ ಬರುವಂತೆ ಮಾಡುವುದು ಹೇಗೆಂದು ಇಲ್ಲಿ ಯಾರಾದರೂ ಹೇಳುವರೆಂದುಕೊಂಡಿದ್ದೆ.

ಗ್ರಂಥಪಾಲಕಿ: ಸರ್, ಅದು ಬೇರೆಯೇ ಪ್ರಶ್ನೆ. ಆದರೆ ನಿಮ್ಮ ಹನ್ನೊಂದು ಎಂಬ ಎಣಿಕೆಯನ್ನು ಒಮ್ಮೆ ಪರೀಕ್ಷಿಸಿ. ಪ್ರಕಟಣೆಗೆ ಮುಂಚಿನ ಕರಡು ಮತ್ತು ಅಚ್ಚಾದ ಲೇಖನ ಎರಡು ಬೇರೆ ದಾಖಲೆಗಳಾಗಿ ಉಳಿದಿದ್ದರೆ ಉಲ್ಲೇಖಗಳೂ ಎರಡು ಕಡೆ ಹಂಚಿಹೋಗಿರುತ್ತವೆ. ಮುಂದಕ್ಕೆ ಹುಡುಕುವವರು ಎರಡನ್ನೂ ತೆರೆಯಬೇಕಾಗುವುದು ಇದರಿಂದಲೇ.

ಕೇಳಿದವರು: ಹಾಗಿದ್ದರೆ ನಿಲ್ಲಿಸುವುದು ಎಲ್ಲಿ?

ವಿಮರ್ಶಾ ಲೇಖನಗಳ ಸಂಪಾದಕರು: ಆಯ್ದ ಪ್ರತಿ ಲೇಖನದಿಂದಲೂ ಮತ್ತೆ ಹಿಂದಕ್ಕೂ ಮುಂದಕ್ಕೂ ಹೋಗಿ, ಒಂದು ಇಡೀ ಸುತ್ತಿನಲ್ಲಿ ಹೊಸದೇನೂ ಸಿಗದಿದ್ದಾಗ ನಾನು ನಿಲ್ಲಿಸುತ್ತೇನೆ. ಪ್ರತಿ ಲೇಖನದ ಮುಂದೆ ಅದು ಎಲ್ಲಿಂದ ಸಿಕ್ಕಿತು, ಯಾವ ಸುತ್ತಿನಲ್ಲಿ, ಏಕೆ ಉಳಿಸಿಕೊಂಡೆ ಅಥವಾ ಬಿಟ್ಟೆ ಎಂದು ಬರೆದಿಡದಿದ್ದರೆ, ಮೂರನೆಯ ಸುತ್ತಿನಲ್ಲಿ ಬಿಟ್ಟದ್ದನ್ನೇ ಮತ್ತೆ ಓದುತ್ತಿರುತ್ತೀರಿ.

ಗ್ರಂಥಪಾಲಕಿ: ಹೊಸದು ಸಿಗದಿರುವುದು ಪರಸ್ಪರ ಉಲ್ಲೇಖಿಸುವ ಆ ಲೇಖನಗಳ ಬಳಗ ಮುಗಿಯಿತು ಎಂಬುದಕ್ಕೆ ಸಾಕ್ಷಿ, ವಿಷಯ ಮುಗಿಯಿತು ಎಂಬುದಕ್ಕಲ್ಲ. 1986ರಲ್ಲಿ ಮಾಹಿತಿ ವಿಜ್ಞಾನಿ ಡಾನ್ ಸ್ವಾನ್ಸನ್ ಅವರು ಮೀನೆಣ್ಣೆಯ ಬಗೆಗಿನ ಬರಹಗಳಿಗೂ ಬೆರಳುಗಳಿಗೆ ರಕ್ತದ ಹರಿವು ಕುಗ್ಗುವ ರೇನೋ ಕಾಯಿಲೆಯ ಬಗೆಗಿನ ಬರಹಗಳಿಗೂ ಇರುವ ನಂಟನ್ನು ತೋರಿಸಿದಾಗ, ಆ ಎರಡು ಬಳಗಗಳು ಪರಸ್ಪರ ಉಲ್ಲೇಖಿಸುತ್ತಿರಲಿಲ್ಲ. ಅಂಥ ಕಡೆ ನೀವು ಎಷ್ಟು ಸುತ್ತು ಹೊಡೆದರೂ ಆಚೆಯ ದಡ ಕಾಣದು. ಆದ್ದರಿಂದ ಜಾಡಿನ ಜೊತೆಗೆ ಪದಗಳಿಂದ ಒಂದು ಸ್ವತಂತ್ರ ಹುಡುಕಾಟವೂ ಬೇಕು.

ವಿಮರ್ಶಾ ಲೇಖನಗಳ ಸಂಪಾದಕರು: ಒಪ್ಪುತ್ತೇನೆ. ಆದರೆ ಆ ಹುಡುಕಾಟಕ್ಕೆ ಯಾವ ಪದ ಹಾಕಬೇಕೆಂಬುದು ಆಚೆಯ ಬಳಗವನ್ನು ಕಂಡವರಿಗೆ ಮಾತ್ರ ಗೊತ್ತಿರುತ್ತದೆಯಲ್ಲವೇ?

ಗ್ರಂಥಪಾಲಕಿ: ಅದಕ್ಕೆ ನನ್ನ ಬಳಿಯೂ ಪಕ್ಕಾ ಉತ್ತರವಿಲ್ಲ. ನಾನು ಬೇರೆ ವಿಭಾಗದವರೊಬ್ಬರನ್ನು ಕೇಳುತ್ತೇನೆ.