ಕಂಪನಿ ಟೆಂಪ್ಲೇಟ್ ಪ್ರಶ್ನೋತ್ತರ: ಡಿಸೈನರ್ ಅಲ್ಲದವರ ಕೈಗೆ ಕೊಟ್ಟ ಮೇಲೂ ಉಳಿಯಬೇಕು

ಕಡತ ಕಾರ್ನರ್: ಹೊರಗಡೆಯವರಿಂದ ಪವರ್‌ಪಾಯಿಂಟ್ ಟೆಂಪ್ಲೇಟ್ ಮಾಡಿಸಿದ್ವಿ. ಬಂದಾಗ ಚೆನ್ನಾಗಿತ್ತು. ಈಗ ನೋಡಿದ್ರೆ ಲೋಗೊ ಅಡ್ಡಡ್ಡ ಎಳೆದಿರ್ತಾರೆ, ನಮ್ಮ ಕಿತ್ತಳೆ ಬಣ್ಣ ಮೂರು ತರಹ, ಶೀರ್ಷಿಕೆ ಒಂದೊಂದು ಸ್ಲೈಡಲ್ಲಿ ಒಂದೊಂದು ಕಡೆ. ಬ್ರ್ಯಾಂಡ್ ನಿಯಮದ ಪಿಡಿಎಫ್ ಎಲ್ಲರಿಗೂ ಕಳಿಸಿದ್ದೇನೆ, ಯಾರೂ ಓದಲ್ಲ. ಜನರನ್ನ ದಾರಿಗೆ ತರೋದು ಹೇಗೆ ಮೇಡಂ?

ಅಚ್ಚುಮೊಳೆ: ಜನರನ್ನು ಆಮೇಲೆ ನೋಡೋಣ, ಮೊದಲು ಫೈಲನ್ನು ನೋಡಿ. ಎರಡು ಪರೀಕ್ಷೆ ಇವೆ. ಏಜೆನ್ಸಿ ಕೊಟ್ಟ ಮೂಲ ಫೈಲ್ ತೆರೆದು View → Outline View ಒತ್ತಿ. ಎಡಗಡೆ ಸ್ಲೈಡುಗಳ ಶೀರ್ಷಿಕೆ ಸಾಲಾಗಿ ಕಾಣುತ್ತವೆಯೋ, ಬರೀ ಅಂಕಿ ಕಾಣುತ್ತವೆಯೋ? ಆಮೇಲೆ ಯಾವುದಾದರೂ ಸ್ಲೈಡಿನ ಶೀರ್ಷಿಕೆಯನ್ನು ಬೇಕಂತಲೇ ಪಕ್ಕಕ್ಕೆ ಎಳೆದು, Home ಟ್ಯಾಬಿನ Reset ಒತ್ತಿ. ಅದು ತನ್ನ ಜಾಗಕ್ಕೆ ವಾಪಸ್ ಹೋಗುತ್ತಾ? ನೋಡಿ ಬಂದು ಹೇಳಿ.

ಮೌಸ್ ಪ್ಯಾಡ್: ಇದಕ್ಕೆಲ್ಲ ಇಷ್ಟು ತಲೆಬಿಸಿ ಯಾಕೆ? ನನಗೆ ವಾಟ್ಸಾಪಲ್ಲಿ ಒಂದು ಟಿಪ್ ಬಂದಿತ್ತು. ಇಡೀ ಡಿಸೈನನ್ನ ಒಂದು ಪಿಎನ್‌ಜಿ ಮಾಡಿ ಬ್ಯಾಕ್‌ಗ್ರೌಂಡ್‌ಗೆ ಹಾಕಿಬಿಡಿ. ಯಾರೂ ಮುಟ್ಟೋಕಾಗಲ್ಲ. ಮ್ಯಾಟರ್ ಫಿನಿಶ್.

ಅಚ್ಚುಮೊಳೆ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಚಿತ್ರದೊಳಗೆ ಕೂತ ವಿಭಾಗದ ಹೆಸರನ್ನು ಬದಲಾಯಿಸಬೇಕಾದರೆ ಜನ ಏನು ಮಾಡುತ್ತಾರೆ ಗೊತ್ತೇ? ಅದರ ಮೇಲೊಂದು ಬಿಳಿ ಡಬ್ಬಿ ಮುಚ್ಚಿ, ಮೇಲೆ ಹೊಸ ಹೆಸರು ಟೈಪ್ ಮಾಡುತ್ತಾರೆ. ಹಿನ್ನೆಲೆ ಅಚ್ಚ ಬಿಳಿ ಅಲ್ಲದಿದ್ದರೆ ಪ್ರೊಜೆಕ್ಟರಿನಲ್ಲಿ ಆ ತೇಪೆ ಎದ್ದು ಕಾಣುತ್ತದೆ. ಚಿತ್ರದಲ್ಲಿರುವ ಬಣ್ಣ ಚಾರ್ಟಿಗೂ ಬರುವುದಿಲ್ಲ, ಟೇಬಲ್ಲಿಗೂ ಬರುವುದಿಲ್ಲ.

ಕಡತ ಕಾರ್ನರ್: ನೋಡಿದೆ ಮೇಡಂ. ಔಟ್‌ಲೈನಲ್ಲಿ ಬರೀ ಅಂಕಿಗಳು. ರೀಸೆಟ್ ಒತ್ತಿದ್ರೆ ಏನೂ ಅಲುಗಾಡಲಿಲ್ಲ. ಲೋಗೊ ಮೇಲೆ ಕ್ಲಿಕ್ ಮಾಡಿದ್ರೆ ಸೆಲೆಕ್ಟ್ ಆಗುತ್ತೆ.

ಅಚ್ಚುಮೊಳೆ: ಹಾಗಾದರೆ ನಿಮ್ಮ ಹತ್ತಿರ ಟೆಂಪ್ಲೇಟೇ ಇಲ್ಲ. ಚೆಂದದ ಸ್ಲೈಡುಗಳ ಒಂದು ಕಟ್ಟು ಇದೆ, ಅಷ್ಟೇ. ಯಾರೋ ಖಾಲಿ ಸ್ಲೈಡಿನ ಮೇಲೆ ಟೆಕ್ಸ್ಟ್ ಬಾಕ್ಸ್ ಬಿಡಿಸಿ, ಲೋಗೊ ಅಂಟಿಸಿ ಕೊಟ್ಟಿದ್ದಾರೆ. ಹಾಗೆ ಮಾಡಿದ ಸ್ಲೈಡಿಗೆ ತನ್ನ ಶೀರ್ಷಿಕೆ ಎಲ್ಲಿರಬೇಕು ಅನ್ನುವ ನೆನಪೇ ಇರುವುದಿಲ್ಲ. ರೀಸೆಟ್ ಒತ್ತಿದರೆ ಎಲ್ಲಿಗೆ ವಾಪಸ್ ಹೋಗಬೇಕು ಪಾಪ?

ಕೆಲಸ ನಡೆಯಬೇಕಾದದ್ದು View → Slide Master ಒಳಗೆ. ಎಡಗಡೆ ಮೇಲೆ ದೊಡ್ಡದಾಗಿ ಕಾಣುವುದು ಮಾಸ್ಟರ್, ಅಂದರೆ ಎಲ್ಲ ಸ್ಲೈಡುಗಳ ಮೂಲ ಅಚ್ಚು, ಅದರ ಕೆಳಗೆ ಚಿಕ್ಕದಾಗಿ ಕಾಣುವವು ಲೇಔಟ್‌ಗಳು. ಲೋಗೊವನ್ನು ಮಾಸ್ಟರ್ ಮೇಲೆ ಇಟ್ಟು ಆಚೆ ಬನ್ನಿ. ಈಗ ಸಾಧಾರಣ ಸ್ಲೈಡಿನಲ್ಲಿ ಅದರ ಮೇಲೆ ಎಷ್ಟು ಕ್ಲಿಕ್ ಮಾಡಿದರೂ ಸೆಲೆಕ್ಟ್ ಆಗುವುದಿಲ್ಲ. ಎಳೆಯುವುದಕ್ಕೆ ಸಿಕ್ಕಿದರೆ ತಾನೇ ಎಳೆಯುವುದು? ಶೀರ್ಷಿಕೆ, ಪಠ್ಯ, ಚಾರ್ಟ್, ಫೋಟೊ ಇವಕ್ಕೆಲ್ಲ ಲೇಔಟಿನಲ್ಲಿ Insert Placeholder ಬಳಸಿ ಜಾಗ ಮಾಡಿ. ಫೋಟೊಗೆ ಪಿಕ್ಚರ್ ಪ್ಲೇಸ್‌ಹೋಲ್ಡರನ್ನೇ ಕೊಡಿ. ಅದಕ್ಕೆ ಚಿತ್ರ ಸೇರಿಸಿದರೆ ಅಂಚು ಕತ್ತರಿಸಿ ಕೂರಿಸುತ್ತದೆಯೇ ಹೊರತು ಹಿಗ್ಗಿಸುವುದಿಲ್ಲ. ಲೇಔಟಿಗೆ ಕೆಲಸದ ಹೆಸರಿಡಿ: "ಒಂದು ಚಾರ್ಟ್, ಪಕ್ಕದಲ್ಲಿ ವಿವರಣೆ" ಅಂತ. "Custom Layout 7" ಅಂದರೆ ಯಾರಿಗೆ ಏನು ಅರ್ಥವಾಗಬೇಕು.

ಈಗ ಬಣ್ಣ. ನಿಮ್ಮ ಕಿತ್ತಳೆಯ ಹೆಕ್ಸ್ ಸಂಖ್ಯೆ ಏನು? ಕಲರ್ ಮೆನುವಿನಲ್ಲಿ ಅದು ಕಾಣುತ್ತದೆಯೇ?

ಕಡತ ಕಾರ್ನರ್: F07D1A. ಮೆನುವಿನಲ್ಲಿ ಇಲ್ಲ. ಎಲ್ಲರೂ ಐಡ್ರಾಪರಲ್ಲಿ ಲೋಗೊದಿಂದ ಎತ್ತಿಕೊಳ್ತಾರೆ.

ಅಚ್ಚುಮೊಳೆ: ಮೂರು ಕಿತ್ತಳೆ ಹುಟ್ಟಿದ್ದು ಅಲ್ಲೇ. ಒಬ್ಬರು ಪಿಎನ್‌ಜಿ ಲೋಗೊದಿಂದ ಎತ್ತಿದರು, ಇನ್ನೊಬ್ಬರು ಜೆಪೆಗ್‌ನ ಅಂಚಿನ ಕಲಸಿದ ಬಣ್ಣದಿಂದ, ಮತ್ತೊಬ್ಬರು ಪ್ರಿಂಟಿಗೆ ಕೊಟ್ಟ ಪಿಡಿಎಫ್‌ನಿಂದ.

ಸ್ಲೈಡ್ ಮಾಸ್ಟರಿನಲ್ಲೇ Colors → Customize Colors ತೆರೆಯಿರಿ. 12 ಜಾಗಗಳಿವೆ: ಪಠ್ಯ ಮತ್ತು ಹಿನ್ನೆಲೆಗೆ ನಾಲ್ಕು, ಆಕ್ಸೆಂಟ್ ಆರು, ಲಿಂಕಿಗೆ ಎರಡು. ಹೊಸ ಆಕಾರ ಬಿಡಿಸಿದರೆ ಸಾಮಾನ್ಯವಾಗಿ ಆಕ್ಸೆಂಟ್ 1 ತುಂಬಿಕೊಳ್ಳುತ್ತದೆ. ಚಾರ್ಟ್ 1ರಿಂದ 6ರವರೆಗೆ ಅದೇ ಕ್ರಮದಲ್ಲಿ ಬಣ್ಣ ತೆಗೆದುಕೊಳ್ಳುತ್ತದೆ. ಬಹಳ ಜನ ಎರಡು ಬ್ರ್ಯಾಂಡ್ ಬಣ್ಣ ತುಂಬಿ ಉಳಿದ ನಾಲ್ಕನ್ನು ಹಾಗೇ ಬಿಡುತ್ತಾರೆ. ಮೂರನೆಯ ಸಾಲಿರುವ ಚಾರ್ಟ್ ಬಂದ ದಿನ ಮೈಕ್ರೋಸಾಫ್ಟ್ ಆಫೀಸಿನ ಹಳೇ ಥೀಮಿನ ಬೂದು, ನಾಲ್ಕನೆಯದಕ್ಕೆ ಹಳದಿ ಹಾಜರ್. ಆಮೇಲೆ "ಅಕೌಂಟ್ಸ್‌ನವರು ಬ್ರ್ಯಾಂಡ್ ಹಾಳುಮಾಡಿದರು" ಅಂತ ಬೈಗುಳ. ಆರನ್ನೂ ತುಂಬಿ.

ಇನ್ನೊಂದು ಮಾತು. ನಿಮ್ಮ ಕಿತ್ತಳೆಯ ಮೇಲೆ ಬಿಳಿ ಅಕ್ಷರದ ಕಾಂಟ್ರಾಸ್ಟ್ ಸುಮಾರು 2.7:1. ಓದಲು ಸಾಧಾರಣ ಗಾತ್ರಕ್ಕೆ 4.5:1, ದೊಡ್ಡ ಅಕ್ಷರಕ್ಕೆ 3:1 ಬೇಕು ಅನ್ನುತ್ತವೆ ವೆಬ್ ಪುಟಗಳು ಎಲ್ಲರಿಗೂ ಓದಲು ಬರಬೇಕು ಅಂತ ಮಾಡಿದ ಡಬ್ಲ್ಯುಸಿಎಜಿ ನಿಯಮಗಳು. ಕಿತ್ತಳೆಯನ್ನು ಆಕ್ಸೆಂಟ್ 1ಕ್ಕೆ ಹಾಕಿದರೆ ಪ್ರತಿ ಆಕಾರವೂ ಓದಲಾಗದ ಬಿಳಿ ಅಕ್ಷರದೊಂದಿಗೆ ಹುಟ್ಟುತ್ತದೆ. ಆಕ್ಸೆಂಟ್ 1ಕ್ಕೆ ನಿಮ್ಮ ಗಾಢ ಬಣ್ಣ, 2ಕ್ಕೆ ಕಿತ್ತಳೆ.

ಸೇಲ್ಸ್ ಸವಾರ: ಪಾಸ್‌ವರ್ಡ್ ಹಾಕಿದ್ರೆ ಸಾಕಲ್ವಾ? ಅಥವಾ Mark as Final?

ಅಚ್ಚುಮೊಳೆ: ಇಲ್ಲ. ಟೆಂಪ್ಲೇಟ್ ಇರುವುದೇ ಎಡಿಟ್ ಮಾಡುವುದಕ್ಕೆ. Mark as Final ಮೇಲೆ Edit Anyway ಅಂತ ಬಟನ್ನೇ ಇದೆ.

ಹಳೇ ಬೇರು: ನಮ್ಮಲ್ಲಿ ಇದರ ಉಲ್ಟಾ ಆಗಿತ್ತು. ಡಿಸೈನ್ ತಂಡದವರು ಐದೇ ಲೇಔಟ್ ಕೊಟ್ಟು, ಬೇರೆ ಏನೂ ಮಾಡಬಾರದು ಅಂದ್ರು. ದೊಡ್ಡ ಟೇಬಲ್ ಇಡೋಕೆ ಜಾಗವೇ ಇಲ್ಲ. ಎಲ್ಲರೂ ಸದ್ದಿಲ್ಲದೆ ಹಳೇ ಫೈಲಿಗೆ ವಾಪಸ್ ಹೋದ್ರು. ಡಿಸೈನರ್‌ಗಳಿಗೆ ನಮ್ಮ ಕೆಲಸ ಏನು ಅಂತಲೇ ಗೊತ್ತಿರಲ್ಲ.

ಅಚ್ಚುಮೊಳೆ: ಇದು ನಿಜ. ಲೇಔಟ್ ಪಟ್ಟಿ ಮಾಡುವ ಮುಂಚೆ ಜನ ಈಗಾಗಲೇ ಮಾಡಿರುವ ಸ್ಲೈಡುಗಳನ್ನು ಹರಡಿಕೊಂಡು ನೋಡಬೇಕು. ಶೀರ್ಷಿಕೆ ಮಾತ್ರ ಇರುವ, ಕೆಳಗೆ ಪೂರ್ತಿ ಖಾಲಿ ಬಿಟ್ಟ ಒಂದು ಲೇಔಟ್ ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಜನ ಹೇಗೂ ಟೆಕ್ಸ್ಟ್ ಬಾಕ್ಸ್ ಹಾಕುತ್ತಾರೆ. ಅದಕ್ಕೇ ಒಂದು ಬಾಕ್ಸಿಗೆ ಸರಿಯಾದ ಗಾತ್ರ, ಬಣ್ಣ ಕೊಟ್ಟು, ರೈಟ್ ಕ್ಲಿಕ್ ಮಾಡಿ Set as Default Text Box ಒತ್ತಿಡಿ. ದಾರಿ ತಪ್ಪಿದವರೂ ಸರಿಯಾದ ಅಕ್ಷರದಲ್ಲೇ ತಪ್ಪುತ್ತಾರೆ.

ತರಬೇತಿ ಟೀಚರ್: ಒಪ್ಪಲ್ಲ. ಖಾಲಿ ಲೇಔಟ್ ಕೊಟ್ಟರೆ ಎಲ್ಲರೂ ಅದನ್ನೇ ಆರಿಸ್ಕೊಳ್ತಾರೆ. ನಾನು ಕ್ಲಾಸಲ್ಲಿ ದಿನಾ ನೋಡ್ತೀನಿ.

ಹಳೇ ಬೇರು: ಆರಿಸ್ಕೊಳ್ಳಲಿ ಬಿಡಿ, ಕೆಲಸ ನಡೆಯಬೇಕು ತಾನೇ.

ತರಬೇತಿ ಟೀಚರ್: ಕೆಲಸ ನಡೆಯುತ್ತೆ, ಬ್ರ್ಯಾಂಡ್ ಮಣ್ಣು ಪಾಲಾಗುತ್ತೆ.

ಪುಟ್ಟ ಪರದೆ: ನಮ್ಮ ಸ್ಲೈಡುಗಳಲ್ಲಿ ಇಂಗ್ಲಿಷ್, ಕನ್ನಡ ಎರಡೂ ಇರುತ್ತೆ. ಇಂಗ್ಲಿಷ್ ಅಕ್ಷರ ಬ್ರ್ಯಾಂಡ್ ಫಾಂಟಲ್ಲೇ ಬರುತ್ತೆ, ಕನ್ನಡ ಮಾತ್ರ ಒಂದೊಂದು ಕಂಪ್ಯೂಟರಲ್ಲಿ ಒಂದೊಂದು ತರಹ. ಕೆಲವು ಕಡೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ. ಥೀಮ್ ಫಾಂಟ್ ಸರಿಯಾಗೇ ಸೆಟ್ ಮಾಡಿದ್ದೀನಿ.

ಅಚ್ಚುಮೊಳೆ: ಯಾರಾದರೂ ಇದನ್ನು ಕೇಳಲಿ ಅಂತ ಕಾಯುತ್ತಿದ್ದೆ. Customize Fonts ಕಿಟಕಿಯಲ್ಲಿ ನೀವು ಸೆಟ್ ಮಾಡಿದ್ದು ಸಾಮಾನ್ಯವಾಗಿ ಲ್ಯಾಟಿನ್ ಅಕ್ಷರದ ಫಾಂಟ್ ಮಾತ್ರ. ಥೀಮಿನೊಳಗೆ ಪ್ರತಿ ಲಿಪಿಗೂ ಬೇರೆ ಬೇರೆ ಸಾಲಿದೆ. ಆಫೀಸ್ ಥೀಮಿನಲ್ಲಿ ಕನ್ನಡದ ಸಾಲಿನಲ್ಲಿ ಬರೆದಿರುವುದು ತುಂಗಾ. ವಿಂಡೋಸ್ 10ರಿಂದ ತುಂಗಾ ಎಲ್ಲ ಕಂಪ್ಯೂಟರಿನಲ್ಲೂ ತಾನಾಗಿ ಇರುವುದಿಲ್ಲ, ಬೇಕಾದರೆ ಹಾಕಿಕೊಳ್ಳುವ ಹೆಚ್ಚುವರಿ ಫಾಂಟುಗಳ ಗುಂಪಿಗೆ ಹೋಗಿದೆ. ಇದ್ದಲ್ಲಿ ತುಂಗಾ, ಇಲ್ಲದಲ್ಲಿ ನಿರ್ಮಲಾ ಅಥವಾ ಇನ್ನೇನೋ. ನಿಮ್ಮ ಒಂದೊಂದು ತರಹದ ಮೂಲ ಬಹುಶಃ ಇದೇ.

ಟೆಂಪ್ಲೇಟಿನ ಒಂದು ಪ್ರತಿ ಮಾಡಿಕೊಂಡು, ಫೈಲ್ ಹೆಸರಿನ ಕೊನೆಯ .potx ತೆಗೆದು .zip ಅಂತ ಹೆಸರು ಬದಲಿಸಿ. ಒಳಗೆ ppt/theme/theme1.xml ಇರುತ್ತದೆ. ಅದನ್ನು ಆಚೆ ತಂದು ನೋಟ್‌ಪ್ಯಾಡಿನಲ್ಲಿ ತೆರೆದು, ಶೀರ್ಷಿಕೆಯ majorFont ಮತ್ತು ಪಠ್ಯದ minorFont ಎರಡರಲ್ಲೂ ಈ ಎರಡು ಸಾಲುಗಳನ್ನು ಹುಡುಕಿ ಹೀಗೆ ತಿದ್ದಿ:

```xml
<a:cs typeface="Noto Sans Kannada"/>
<a:font script="Knda" typeface="Noto Sans Kannada"/>
```

ತಿದ್ದಿದ ಫೈಲನ್ನು ಜಿಪ್‌ನೊಳಗೆ ಅದೇ ಜಾಗಕ್ಕೆ ಎಳೆದು ಹಾಕಿ. ಪೂರ್ತಿ ಬಿಚ್ಚಿ ಮತ್ತೆ ಜಿಪ್ ಮಾಡಲು ಹೋದರೆ ಹೊರಗಿನ ಫೋಲ್ಡರೂ ಸೇರಿಕೊಂಡು ಫೈಲ್ ತೆರೆಯದೆ ಹೋಗಬಹುದು. ಹೆಸರನ್ನು ವಾಪಸ್ .potx ಮಾಡಿ ತೆರೆಯಿರಿ. ಆಮೇಲೆ ಹೊಸ ಸ್ಲೈಡಿನಲ್ಲಿ ಟೈಪ್ ಮಾಡಿ ನೋಡಿ. ಹಳೆಯ ಸ್ಲೈಡಿನಲ್ಲಿ ಯಾರಾದರೂ ಕೈಯಾರೆ ಫಾಂಟ್ ಆರಿಸಿದ್ದರೆ ಅದು ಹಾಗೇ ಉಳಿದಿರುತ್ತದೆ.

ಒತ್ತಕ್ಷರ ತಾಗುವುದಕ್ಕೆ ಬೇರೆ ಕಾರಣ. ಆಫೀಸ್ ಥೀಮಿನಲ್ಲಿ ಸಾಲುಗಳ ಅಂತರ 0.9. ಇಂಗ್ಲಿಷಿಗೆ ಅದು ನಡೆಯುತ್ತದೆ. "ಸ್ವಾತಂತ್ರ್ಯ" ಬರೆದು ಕೆಳಗಿನ ಸಾಲಿನಲ್ಲಿ "ಕೀರ್ತಿ" ಬರೆದರೆ ಒತ್ತು ಗುಡಿಸಿನ ತಲೆಗೆ ಬಡಿಯುತ್ತದೆ. ಮಾಸ್ಟರಿನಲ್ಲೇ Line Spacing ಅನ್ನು Multiple ಇಟ್ಟು 1.1ರ ಆಸುಪಾಸಿಗೆ ತನ್ನಿ. Exactly ಬೇಡ, ಅಕ್ಷರ ದೊಡ್ಡದು ಮಾಡಿದ ತಕ್ಷಣ ಮತ್ತೆ ತಾಗುತ್ತದೆ.

ಸೇಲ್ಸ್ ಸವಾರ: ಇಷ್ಟೆಲ್ಲ ಯಾಕೆ, ಫಾಂಟನ್ನ ಫೈಲೊಳಗೇ ಎಂಬೆಡ್ ಮಾಡಿದ್ರೆ ಆಯ್ತು.

ಅಚ್ಚುಮೊಳೆ: ಅರ್ಧ ಸರಿ. ಫಾಂಟಿನ ಪರವಾನಗಿ ಒಪ್ಪಿದರೆ ಎಂಬೆಡ್ ಆಗುತ್ತದೆ. ಆದರೆ ಥೀಮ್ ತುಂಗಾ ಅನ್ನುತ್ತಿದ್ದರೆ ನೀವು ಎಂಬೆಡ್ ಮಾಡುವುದು ತುಂಗಾವನ್ನೇ. ನೋಟೊ ಮುಕ್ತ ಪರವಾನಗಿಯದು, ಐಟಿಯವರಿಗೆ ಹೇಳಿ ಎಲ್ಲ ಕಂಪ್ಯೂಟರಿಗೂ ಹಾಕಿಸಿ.

ಪುಟ್ಟ ಪರದೆ: ಬಂತು! ಆದ್ರೆ ಬರೀ ಶೀರ್ಷಿಕೆಗೆ ಬಂತು, ಪಠ್ಯಕ್ಕೆ ಇಲ್ಲ.

ಅಚ್ಚುಮೊಳೆ: minorFont ತಿದ್ದಿಲ್ಲ ನೀವು.

ಕಡತ ಕಾರ್ನರ್: ಮೇಡಂ, ಹೊಸ ಮಾಸ್ಟರ್ ಮಾಡಿದೆ. ಎಲ್ಲ ಚೆನ್ನಾಗಿದೆ. ಒಬ್ಬರು ಹಳೇ ಫೈಲಿಂದ ಎರಡು ಸ್ಲೈಡ್ ಅಂಟಿಸಿದ ಕೂಡಲೇ ಹಳೇ ವೇಷ ವಾಪಸ್ ಬಂದಿದೆ.

ಅಚ್ಚುಮೊಳೆ: Keep Source Formatting ಒತ್ತಿದ್ದಾರೆ. ಸ್ಲೈಡ್ ಮಾಸ್ಟರ್ ತೆರೆದರೆ ಎಡಗಡೆ 1, 2 ಅಂತ ಎರಡು ಮಾಸ್ಟರ್ ಕಾಣಬೇಕು. ಎರಡನೆಯದು ಆ ಸ್ಲೈಡಿನ ಜೊತೆ ಬಂದ ನೆಂಟ. ಆ ಸ್ಲೈಡುಗಳಿಗೆ ನಿಮ್ಮ ಲೇಔಟ್ ಕೊಟ್ಟು, ಆಮೇಲೆ ಆ ಮಾಸ್ಟರನ್ನು ಅಳಿಸಿ. ಅಂಟಿಸುವಾಗ Use Destination Theme. ಹಳೇ ಟೆಕ್ಸ್ಟ್ ಬಾಕ್ಸ್‌ಗಳು ಮಾತ್ರ ಪ್ಲೇಸ್‌ಹೋಲ್ಡರ್ ಆಗುವುದಿಲ್ಲ, ಪಠ್ಯವನ್ನು ಕೈಯಲ್ಲೇ ಸಾಗಿಸಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ಮತ್ತೆ, ಹಂಚುವುದು .potx. ಅದನ್ನು ಡಬಲ್ ಕ್ಲಿಕ್ ಮಾಡಿದರೆ ಹೆಸರಿಲ್ಲದ ಹೊಸ ಫೈಲ್ ತೆರೆಯುತ್ತದೆ. .pptx ಹಂಚಿದರೆ ಯಾರಾದರೂ ಅದರ ಮೇಲೇ ಸೇವ್ ಮಾಡುತ್ತಾರೆ.

ಬಣ್ಣದ ಬುಗುರಿ: ನಮಗೂ ಒಂದು ಲೋಗೊ ಮಾಡಿಕೊಡ್ತೀರಾ ಮೇಡಂ? ಇನ್‌ಬಾಕ್ಸ್ ನೋಡಿ.

ಎಕ್ಸೆಲ್ ಪ್ರೇಮಿ: ಹಳೇ ಸ್ಲೈಡ್ ಅಂಟಿಸಿದ್ರೆ ಹಳೇ ಲೋಗೊ ಬರ್ತಿದೆ, ಏನು ಮಾಡೋದು?

ಅಚ್ಚುಮೊಳೆ: ಮೇಲೆ ಓದಿ.

ಎಕ್ಸೆಲ್ ಪ್ರೇಮಿ: ಎಲ್ಲಿ?

ತರಬೇತಿ ಟೀಚರ್: ನಿಮ್ಮ ಪ್ರಶ್ನೆಯ ಎರಡು ಕಾಮೆಂಟ್ ಮೇಲೆ, ಸ್ವಾಮಿ.

ಮೌಸ್ ಪ್ಯಾಡ್: ಅದಕ್ಕೇ ಹೇಳಿದ್ದು ಬ್ಯಾಕ್‌ಗ್ರೌಂಡಿಗೆ ಇಮೇಜ್ ಹಾಕಿ ಅಂತ. ಹಳೇದೂ ಇಲ್ಲ ಹೊಸದೂ ಇಲ್ಲ. ಎಕ್ಸ್‌ಎಂಎಲ್ ತಿದ್ದೋ ಸರ್ಕಸ್ಸೂ ಇಲ್ಲ. ಡಿಸೈನರ್‌ಗಳಿಗೆ ಸುಲಭದ ದಾರಿ ಹೇಳಿದ್ರೆ ಹೊಟ್ಟೆಪಾಡು ಹೋಗುತ್ತೆ ಅಂತ ಭಯ.

ಅಚ್ಚುಮೊಳೆ: ನಿಮ್ಮ ಆ ಫೈಲಿನಲ್ಲಿ ವಿಭಾಗದ ಹೆಸರನ್ನು ಬದಲಾಯಿಸಿ, ಸ್ಕ್ರೀನ್‌ಶಾಟ್ ಹಾಕಿ. ಆಮೇಲೆ ಹೊಟ್ಟೆಪಾಡಿನ ಮಾತಾಡೋಣ.

ಹಳೇ ಬೇರು: ಪಾಪ ಅವರು ಸಹಾಯ ಮಾಡೋಕೆ ಹೇಳಿದ್ದು. ಇಷ್ಟು ಖಾರ ಬೇಡ.

ತರಬೇತಿ ಟೀಚರ್: ಸಹಾಯ ಅಲ್ಲ, ಫಾರ್ವರ್ಡ್.

ಕಡತ ಕಾರ್ನರ್: ಲೆಟರ್‌ಹೆಡ್‌ಗೆ ವರ್ಡಲ್ಲಿ ಹೀಗೇ ಮಾಡಬಹುದಾ ಅಂತ ಕೇಳಬೇಕಿತ್ತು. ಜಗಳ ಮುಗಿದ ಮೇಲೆ ಯಾರಾದ್ರೂ ಹೇಳಿ.