ಎಡ ಎದೆ ಕಲ್ಲಾಗಿದೆ, ಪಂಪ್ ಮಾಡಿದಷ್ಟೂ ನೋವು

ಪ್ರಶ್ನೆ: ಮಗುವಿಗೆ 19 ದಿನ. ನಿನ್ನೆ ಸಂಜೆಯಿಂದ ಎಡ ಎದೆಯ ಹೊರಗಡೆ ಕೆಂಪಾಗಿ ಕಲ್ಲಿನ ಹಾಗಾಗಿದೆ. ಚಳಿ, 101 ಜ್ವರ. ಅಮ್ಮ ಬಿಸಿನೀರು ಹಾಕಿ ಗಟ್ಟಿಯಾಗಿ ನೀವುತ್ತಿದ್ದಾರೆ. ಪಂಪ್ ಮಾಡಿದರೂ ಗಂಟು ಕರಗಿಲ್ಲ. ಈ ಹಾಲು ಕುಡಿಸಬಹುದಾ?

ಹಿರಿಯರೊಬ್ಬರು: ಖಂಡಿತ ಕುಡಿಸಿ. ಆದ್ರೆ ಬಿಸಿ ಬಟ್ಟೆ ಇಟ್ಟು ಪೂರ್ತಿ ಹಿಂಡಿ ತೆಗೀರಿ, ಇಲ್ಲದಿದ್ದರೆ ಕೀವಾಗುತ್ತೆ. ನಮ್ಮ ಕಾಲದಲ್ಲಿ ಹೀಗೇ ಮಾಡಿದ್ದು.

ಸ್ತನ್ಯಪಾನ ಸಲಹೆ ಕೊಡುವ ನರ್ಸ್: ಕುಡಿಸುವುದು ಸರಿ, ಹಾಲು ಕೊಂಚ ಉಪ್ಪಾಗಿರಬಹುದು ಅಷ್ಟೆ. ಹಿಂಡುವುದು ಬೇಡ. ನಾನೂ ವರ್ಷಗಟ್ಟಲೆ ಅದನ್ನೇ ಹೇಳಿಕೊಟ್ಟವಳು. 2022ರಲ್ಲಿ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಸಲಹೆ ಬದಲಿಸಿತು. ಆ ಗಂಟು ಹೆಪ್ಪುಗಟ್ಟಿದ ಹಾಲಲ್ಲ, ಹಾಲಿನ ನಾಳಗಳ ಸುತ್ತಲಿನ ಬಾವು. ನೀವಿದರೆ ಬಾವು ಇನ್ನೂ ಜಾಸ್ತಿ ಆಗುತ್ತದೆ. ಪಂಪ್‌ನಲ್ಲಿ ಎಷ್ಟು ತೆಗೀತೀರಿ?

ಕೇಳಿದವರು: ಕುಡಿಸಿದ ಮೇಲೆ 60 ಎಂಎಲ್. ದಿನಕ್ಕೆ ಆರು ಸಲ.

ನರ್ಸ್: ಅಂದ್ರೆ 360 ಎಂಎಲ್. ಈ ವಯಸ್ಸಿನ ಮಗು ದಿನಕ್ಕೆ ಕುಡಿಯುವುದು ಸುಮಾರು 600. ಒಂದೂವರೆ ಮಗುವಿಗೆ ಆಗುವಷ್ಟು ಹಾಲು ಮಾಡು ಅಂತ ಎದೆಗೆ ನೀವೇ ಹೇಳುತ್ತಿದ್ದೀರಿ. ಮಗು ಚೀಪಿದಾಗ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಹಾಲು ಮಾಡಿಸುತ್ತದೆ, ಆಕ್ಸಿಟೋಸಿನ್ ಅನ್ನೋ ಇನ್ನೊಂದು ಹಾರ್ಮೋನ್ ಅದನ್ನು ಹೊರಗೆ ತಳ್ಳುತ್ತದೆ. ಎದೆ ತುಂಬೇ ಇದ್ದರೆ ತಾನಾಗಿಯೇ ತಯಾರಿ ನಿಧಾನವಾಗುತ್ತದೆ. ನೀವು ಅದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ಆದರೆ ಪಂಪ್ ಒಮ್ಮೆಲೇ ನಿಲ್ಲಿಸಬೇಡಿ, 60 ಇದ್ದದ್ದು 45, ಆಮೇಲೆ 30, ಹೀಗೆ ಇಳಿಸಿ.

ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಜ್ವರ ಬಂದು ಒಂದು ದಿನ ಆಗ್ತಾ ಬಂತು, ಇವತ್ತೇ ಡಾಕ್ಟರ್‌ಗೆ ತೋರಿಸಿ. ಬಾಣಂತಿಗೆ ಜ್ವರ ಬಂದರೆ ಕಾರಣ ಎದೆಯೇ ಅಂತ ಮನೆಯಲ್ಲೇ ತೀರ್ಮಾನಿಸುವ ಹಾಗಿಲ್ಲ. ಮಗು ಬಿಟ್ಟಾಗ ತೊಟ್ಟು ಹೇಗಿರುತ್ತೆ?

ಕೇಳಿದವರು: ಒಂದು ಕಡೆ ಓರೆ, ಹೊಸ ಲಿಪ್‌ಸ್ಟಿಕ್ ತುದಿಯ ಹಾಗೆ. ಬಿರುಕೂ ಇದೆ.

ಇನ್ನೊಬ್ಬರು: ನನಗೆ ಹಾಲೇ ಸಾಲಲ್ಲ ಮೇಡಂ, ಸಬ್ಬಸಿಗೆ ಸೊಪ್ಪು ತಿಂದರೆ ಬರುತ್ತಾ?

ನರ್ಸ್: ಸೊಪ್ಪು ತಿನ್ನಿ, ಒಳ್ಳೆಯದೇ. ಆದ್ರೆ ಮೊದಲು ಮಗು ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತೆ ಎಣಿಸಿ, ಬೇರೆ ಪೋಸ್ಟ್ ಹಾಕಿ.

ಓರೆ ಇದೆ ಅಂದ್ರೆ ಮಗು ತೊಟ್ಟಿನ ತುದಿ ಮಾತ್ರ ಹಿಡಿಯುತ್ತಿದೆ. ಆ ಬಿರುಕಿನಿಂದಲೇ ಸೋಂಕು ಒಳಗೆ ಹೋಗಬಹುದು. ತೊಟ್ಟನ್ನು ಮಗುವಿನ ಮೂಗಿನ ನೇರಕ್ಕೆ ಹಿಡಿಯಿರಿ. ಬಾಯಿ ಅಗಲವಾಗಿ ತೆರೆದಾಗ ಮಗುವನ್ನು ಹತ್ತಿರಕ್ಕೆ ಎಳೆದುಕೊಳ್ಳಿ, ಗಲ್ಲ ಮೊದಲು ಎದೆಗೆ ತಾಗಲಿ. ಕಪ್ಪು ಭಾಗ ಮೇಲ್ತುಟಿಯ ಮೇಲೆ ಜಾಸ್ತಿ, ಕೆಳಗೆ ಕಡಿಮೆ ಕಾಣಬೇಕು.

ಕೇಳಿದವರು (ಮೂರನೇ ದಿನ): ಡಾಕ್ಟರ್ ಆ್ಯಂಟಿಬಯಾಟಿಕ್ ಕೊಟ್ಟರು, ಜ್ವರ ಇಲ್ಲ. ತೊಟ್ಟು ಈಗ ದುಂಡಗೇ ಹೊರಬರುತ್ತೆ. ಅಡಿಕೆ ಗಾತ್ರದ ಗಂಟು ಉಳಿದಿದೆ.

ನರ್ಸ್: ಕೆಲವು ದಿನ ನೋಡಿ. ಒತ್ತಿದರೆ ನೀರು ತುಂಬಿದ ಬಲೂನಿನ ಹಾಗೆ ಅಲುಗಿದರೆ, ಅಥವಾ ದೊಡ್ಡದಾದರೆ, ಸ್ಕ್ಯಾನ್ ಮಾಡಿಸಿ. ಕೀವು ಕಟ್ಟಿದ್ದರೆ ಸೂಜಿಯಿಂದ ತೆಗೆಯಬೇಕಾಗುತ್ತದೆ.

ಕೇಳಿದವರು: ಸರಿ ಮೇಡಂ. ಅಮ್ಮ ಮಾತ್ರ "ಹಸಿ ಬಾಣಂತಿಗೆ ಐಸಾ?" ಅಂತ ಇನ್ನೂ ಮುಖ ಊದಿಸಿಕೊಂಡಿದ್ದಾರೆ.